ಪದ ಬೇಕು: ಪ್ಯಾಡಿಂಗ್, ಮಾರ್ಜಿನ್, ಗ್ಯಾಪ್ (ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ)

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಹುಡುಗರ ಲ್ಯಾಬ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಪ್ರೆಸ್ಸಿಗೆ ಕೊಡಬೇಕು. ಒಂದು ಅಭ್ಯಾಸದಲ್ಲಿ ವೆಬ್ ಪುಟದ ಸ್ಕ್ರೀನ್‌ಶಾಟ್ ಇದೆ, ಕೆಳಗೆ "ಇದನ್ನು ಕಟ್ಟಿ" ಎಂಬ ಎರಡೇ ಮಾತು. ಅಳತೆ ಕೊಟ್ಟಿಲ್ಲ, ಬಣ್ಣದ ಸಂಖ್ಯೆ ಕೊಟ್ಟಿಲ್ಲ, ಫಾಂಟಿನ ಹೆಸರೂ ಇಲ್ಲ. ಚಿತ್ರ ನೋಡಿಕೊಂಡೇ ಎಚ್‌ಟಿಎಂಎಲ್, ಸಿಎಸ್‌ಎಸ್ ಬರೆಯಬೇಕು.

ಕಳೆದ ವರ್ಷ ನಾನೇ ಕೊಟ್ಟಿದ್ದ ಹಾಳೆಯಲ್ಲಿ `padding`, `margin`, `gap` ಮೂರಕ್ಕೂ 'ಅಂತರ' ಎಂದೇ ಬರೆದಿದ್ದೆ. "ಕಾರ್ಡಿಗೆ 24 ಅಂತರ" ಎಂದದ್ದನ್ನು ಅರ್ಧ ತರಗತಿ ಒಳಗೆ ಬಿಟ್ಟಿತು, ಅರ್ಧ ಹೊರಗೆ. ಬಿಳಿ ಪುಟದ ಮೇಲೆ ಬಿಳಿ ಕಾರ್ಡು, ಆದ್ದರಿಂದ ಎರಡೂ ಒಂದೇ ಥರ ಕಂಡವು. ಎಲ್ಲರಿಗೂ ಅಂಕ ಕೊಟ್ಟೆ. ಮಾರನೆಯ ವಾರ ಕಾರ್ಡಿಗೆ ತಿಳಿಹಳದಿ ಬಣ್ಣ ಹಾಕಿಸಿದಾಗ ಅರ್ಧ ಜನರ ಕಾರ್ಡಿನಲ್ಲಿ ಅಕ್ಷರ ಗೋಡೆಗೆ ಒರಗಿಕೊಂಡಂತೆ ಅಂಚಿಗೆ ಅಂಟಿತ್ತು. ಪದ ಒಂದೇ ಆಗಿದ್ದರಿಂದ ಆದ ತಪ್ಪು ಅದು. ಈ ಸಲ ಮೂರಕ್ಕೆ ಮೂರು ಪದ ಬೇಕು. ದಯವಿಟ್ಟು ಇವತ್ತೇ ಹೇಳಿ.

— ವಿ. ಎಂ., ಹಾಸನ

———

ನಿಘಂಟಿನಲ್ಲಿ ಪ್ಯಾಡಿಂಗ್ ಎಂದರೆ 'ಮೆತ್ತೆ'. ಮಾರ್ಜಿನ್ ಎಂದರೆ 'ಅಂಚು'. ಹಾಗೇ ಹಾಕಿ.

ಅಂದಹಾಗೆ ಸ್ಕ್ರೀನ್‌ಶಾಟ್ ಕೈಯಲ್ಲಿದ್ದರೆ ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ಸಂಘದ ಪುಟಕ್ಕೆ ಆ ಚಿತ್ರವನ್ನೇ ಇಟ್ಟೆವು, ಕೆಲಸ ಆಯಿತು.

— ಪಿ., ಶಿವಮೊಗ್ಗ

———

ಚಿತ್ರ ಇಟ್ಟರೆ ಅದರೊಳಗಿನ ಅಕ್ಷರ ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ಕುಗ್ಗಿ ಓದಲಿಕ್ಕಾಗುವುದಿಲ್ಲ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಅವರು ಕೇಳಿದ್ದು ಅದಲ್ಲ.

'ಅಂಚು' ಬೇಡವೇ ಬೇಡ. `border` ಎಂಬುದು ಬೇರೆಯೇ ಇದೆ. ಅಂಚು ಅದಕ್ಕೆ ಬೇಕು.

— ಆರ್., ಬೆಂಗಳೂರು

———

ಆರ್. ಅವರು ಹೇಳಿದ್ದು ಖರೆ. ನಮ್ಮ ಮನ್ಯಾಗ ಮಗ್ಗ ಅದಾವ. ಇಳಕಲ್ ಸೀರಿ ಅಂಚು ಅಂದ್ರ ನೆಯ್ದದ್ದು, ಬಟ್ಟೀದೇ ಭಾಗ, ಅದಕ್ಕ ಬಣ್ಣ ಐತಿ, ಅಗಲ ಐತಿ. ಬಿಟ್ಟ ಜಾಗಕ್ಕ ಯಾರೂ ಅಂಚು ಅನ್ನಂಗಿಲ್ಲ. ಮಾರ್ಜಿನ್ನಿಗೆ ಅಂಚು ಅಂದ್ರ ಹುಡುಗ್ರು ಗೆರಿ ಎಳೀತಾರ ನೋಡ್ರಿ.

— ಎಸ್., ಬಾಗಲಕೋಟೆ

———

ಕನ್ನಡದಲ್ಲಿ ಇದಕ್ಕೆ ಪದವಿದೆ: ತೆರಪು. ಒಳತೆರಪು, ಹೊರತೆರಪು, ನಡುತೆರಪು. ಮುಗಿಯಿತು.

'ಅಂತರ' ಸಂಸ್ಕೃತ, ಮಾರ್ಜಿನ್ ಇಂಗ್ಲಿಷ್, ಎರಡೂ ಬೇಕಿಲ್ಲ. ಹಳಗನ್ನಡದಲ್ಲಿ ಇದು ಶಕಟರೇಫದ ತೆಱಪು. ತೆರೆದುಕೋ ಎನ್ನುವ 'ತೆಱೆ'ಯಿಂದ ಬಂದದ್ದು. ಪಕಾರ ಹಕಾರವಾಗಿ ವಚನಗಳಲ್ಲಿ 'ತೆರಹಿಲ್ಲದ' ಎಂದು ಬರುತ್ತದೆ. ಅಲೆಗೆ, ಪರದೆಗೆ ಹೇಳುವ 'ತೆರೆ' ಬೇರೆ, ಅದರಲ್ಲಿ ಸಾದಾ ರೇಫ. ಎರಡನ್ನೂ ಬೆರೆಸಬೇಡಿ. ತೆರಪನ್ನು ತೆರವು ಎಂದೂ ಬರೆಯಬೇಡಿ, ತೆರವು ಒತ್ತುವರಿಗೆ.

— ಕೆ. ಜಿ., ಮೈಸೂರು

———

ಕೆ. ಜಿ. ಸರ್, ಪದ ಚೆನ್ನಾಗಿದೆ. ಆದರೆ ಮೇಡಂ ಅವರ ತೊಡಕು ಬರೀ ಪದದ್ದಲ್ಲ. ಚಿತ್ರದಲ್ಲಿ ಕಾಣುವುದು ಖಾಲಿ ಜಾಗ ಮಾತ್ರ. ಅದು ಒಳತೆರಪೋ ಹೊರತೆರಪೋ ಎಂದು ಚಿತ್ರ ಹೇಳುವುದಿಲ್ಲ, ಕಟ್ಟುವವನೇ ತೀರ್ಮಾನಿಸಬೇಕು. ಮೇಡಂ, ನಿಮ್ಮ ಚಿತ್ರದ ಅಳತೆ ಸ್ವಲ್ಪ ಕಳುಹಿಸುತ್ತೀರಾ?

— ಆರ್.

———

ಕಳುಹಿಸುತ್ತಿದ್ದೇನೆ. ಚಿತ್ರದ ಅಗಲ 2880 ಪಿಕ್ಸೆಲ್. ಮೂರು ಕಾರ್ಡು, ಒಂದೊಂದೂ 720. ನಡುವೆ 48. ಎಡಕ್ಕೂ ಬಲಕ್ಕೂ 312 ಖಾಲಿ. ಕಾರ್ಡಿನ ಎಡ ಅಂಚಿನಿಂದ ಶೀರ್ಷಿಕೆಗೆ 48, ಮೇಲಂಚಿನಿಂದ ಶೀರ್ಷಿಕೆಯ ತಲೆಗೆ 62. ಈ 62 ನನಗೆ ಅರ್ಥವಾಗಲಿಲ್ಲ. ಎಡಕ್ಕೆ 48 ಬಿಟ್ಟವರು ಮೇಲೆ 62 ಏಕೆ ಬಿಟ್ಟರು?

— ವಿ. ಎಂ.

———

ಮೊದಲು ಎಲ್ಲವನ್ನೂ ಎರಡರಿಂದ ಭಾಗಿಸಿ. ಕಾರ್ಡಿನ ಸುತ್ತ ಇರುವ ಸಣ್ಣ ಗೆರೆಯನ್ನು ದೊಡ್ಡದು ಮಾಡಿ ನೋಡಿ, ಎರಡು ಪಿಕ್ಸೆಲ್ ದಪ್ಪ ಇರುತ್ತದೆ. ಯಾರೂ ಅದನ್ನು ಎರಡೆಂದು ಬರೆದಿರಲಿಕ್ಕಿಲ್ಲ. ಒಂದೆಂದು ಬರೆದದ್ದನ್ನು ಪಿಕ್ಸೆಲ್‌ಗಳು ಒತ್ತಾಗಿರುವ ಪರದೆ ಎರಡಾಗಿ ತೋರಿಸಿದೆ. ಅಂದರೆ ಪುಟದ ಅಗಲ 1440, ಕಾರ್ಡು 360, ನಡುವೆ 24, ಪಕ್ಕದಲ್ಲಿ 156. ಇದನ್ನು ಮರೆತವರ ಪುಟದಲ್ಲಿ ಎಲ್ಲವೂ ದೈತ್ಯಾಕಾರವಾಗಿ ಬರುತ್ತದೆ. ಅಕ್ಷರಗಳೇ 40 ಪಿಕ್ಸೆಲ್ ಇದ್ದರೆ ಅಲ್ಲೇ ಅನುಮಾನ ಪಡಬೇಕು.

ಈಗ ಆ 62, ಅಂದರೆ 31. ಬಿಟ್ಟದ್ದು 24 ಮಾತ್ರ. ಉಳಿದ 7 ಸಾಲಿನದು. ಶೀರ್ಷಿಕೆಯ ಅಕ್ಷರ 20 ಪಿಕ್ಸೆಲ್ ಇದ್ದು ಸಾಲಿನ ಎತ್ತರ 28 ಇದ್ದರೆ, ಇಂಗ್ಲಿಷ್ ದೊಡ್ಡಕ್ಷರದ ಎತ್ತರ ಸುಮಾರು 14. ಅದು ಸಾಲಿನ ಹೆಚ್ಚುಕಡಿಮೆ ನಡುವೆ ಕೂರುತ್ತದೆ. ಹಾಗಾಗಿ ತಲೆಯ ಮೇಲೆ 7, ಕಾಲ ಕೆಳಗೆ 7. ಫಾಂಟಿನಿಂದ ಫಾಂಟಿಗೆ ಒಂದೆರಡು ಆಚೀಚೆ. ಹುಡುಗರು ಚಿತ್ರದಲ್ಲಿ ಅಳೆದ 31ನ್ನೇ `padding` ಎಂದು ಬರೆದರೆ ಬ್ರೌಸರ್ ಮತ್ತೆ 7 ಸೇರಿಸಿ 38 ಮಾಡುತ್ತದೆ. "ಅಳೆದೇ ಬರೆದೆ ಸರ್, ಆದರೂ ಕೆಳಗೆ ಜಾರಿದೆ" ಎನ್ನುವವರೆಲ್ಲ ಇಲ್ಲೇ ಬಿದ್ದಿರುತ್ತಾರೆ. ಸಾಲಿನ ಎತ್ತರ ಊಹಿಸಬೇಕಿಲ್ಲ. ಶೀರ್ಷಿಕೆ ಎರಡು ಸಾಲಾಗಿರುವ ಕಾರ್ಡು ಹುಡುಕಿ, ಮೊದಲ ಸಾಲಿನ ಬುಡದಿಂದ ಎರಡನೆಯದರ ಬುಡಕ್ಕೆ ಅಳೆಯಿರಿ. ಅದೇ `line-height`.

ಪಕ್ಕದ 156 ಯಾರೂ ಬಿಟ್ಟದ್ದಲ್ಲ, ಉಳಿದದ್ದು. ಎರಡೂ ಕಡೆ ಸಮ ಇರುವುದರಿಂದ ನಡುವಿಗೆ ತಂದು ಕೂರಿಸಿದ್ದಾರೆ ಎಂದು ತಿಳಿಯುತ್ತದೆ.

```css
.cards {
  display: flex;
  gap: 24px;
  max-width: 1128px;
  margin: 0 auto;
}
.card { flex: 1; padding: 24px; border: 1px solid #ddd; box-sizing: border-box; }
.card h3 { font-size: 20px; line-height: 28px; margin: 0 0 8px; }
```

1128 ಎಂದರೆ ಮೂರು 360 ಮತ್ತು ಎರಡು 24. ಗೆರೆಯ ಬಣ್ಣ, ಶೀರ್ಷಿಕೆಯ ಕೆಳಗಿನ 8 ಎರಡೂ ನನ್ನ ಊಹೆ, ನಿಮ್ಮ ಚಿತ್ರ ನೋಡಿ ತಿದ್ದಿಕೊಳ್ಳಿ. ಅಂಚಿನ ಗೆರೆಯ ಹೊರಬದಿಯಿಂದ ಅಳೆದಿದ್ದರೆ ಒಳತೆರಪು 23, ಗೆರೆ 1. ಒಳಬದಿಯಿಂದ ಅಳೆದಿದ್ದರೆ ಹೀಗೆಯೇ ಸರಿ.

— ಆರ್.

———

ನಾನು ಮನೆ ಕಟ್ಟಿಸುವವನು, ಕಂಪ್ಯೂಟರ್ ಗೊತ್ತಿಲ್ಲ. ಆದರೆ 'ಕಟ್ಟಿ' ಎಂಬ ಮಾತು ನೋಡಿ ಬರೆಯುತ್ತಿದ್ದೇನೆ. ಗೋಡೆಯಿಂದ ಸೈಟಿನ ಗಡಿವರೆಗೆ ಬಿಡುವುದಕ್ಕೆ ನಾವು ಸೆಟ್‌ಬ್ಯಾಕ್ ಎನ್ನುತ್ತೇವೆ. ಗಾರೆಯವರೂ ಹಾಗೇ ಅನ್ನುತ್ತಾರೆ, ಅವರಿಗೆ ಕನ್ನಡ ಪದ ಬೇಕಾಗಿಲ್ಲ. ಮಾರ್ಜಿನ್ ಎಂದರೆ ಅದೇ ತಾನೆ? ಗೋಡೆಯ ಒಳಗಿನ ಜಾಗ ಪ್ಯಾಡಿಂಗ್. ಹುಡುಗರಿಗೆ ಮನೆ ತೋರಿಸಿ ಹೇಳಿ, ತಕ್ಷಣ ಗೊತ್ತಾಗುತ್ತದೆ.

— ಎಚ್. ಬಿ., ದಾವಣಗೆರೆ

———

ಎಚ್. ಬಿ. ಅವರೇ, ಬಹುಪಾಲು ಸರಿ, ಒಂದು ಕಡೆ ಕೈಕೊಡುತ್ತದೆ. ನೀವು ಮೂರಡಿ ಬಿಟ್ಟು ಪಕ್ಕದವರು ಮೂರಡಿ ಬಿಟ್ಟರೆ ನಡುವೆ ಆರಡಿ. ಇಲ್ಲಿ ಒಂದರ ಕೆಳಗೊಂದು ಬರುವ ಎರಡು ಪ್ಯಾರಾಗಳಲ್ಲಿ ಮೇಲಿನದಕ್ಕೆ 24, ಕೆಳಗಿನದಕ್ಕೆ 16 `margin` ಇದ್ದರೆ ನಡುವೆ ಬರುವುದು 40 ಅಲ್ಲ, 24. ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಅವನ್ನೇ ಫ್ಲೆಕ್ಸಿನಲ್ಲಿ ಕಂಬದಂತೆ ಜೋಡಿಸಿದರೆ ನುಂಗುವುದಿಲ್ಲ, ನಿಮ್ಮ ಸೈಟಿನ ಹಾಗೆ 40 ಆಗುತ್ತದೆ. ಚಿತ್ರದಲ್ಲಿ 24 ಕಂಡರೆ ಒಂದೇ 24 ಇರಬಹುದು, ನುಂಗಿದ 24 ಇರಬಹುದು. ಎರಡಕ್ಕೂ ಗುರುತು ಒಂದೇ.

— ಆರ್.

———

ಸೆಟ್‌ಬ್ಯಾಕ್ ಎನ್ನುವ ಗಾರೆಯವರೇ 'ಗಿಲಾವು' ಎಂದೂ ಹೇಳುತ್ತಾರೆ, ಅದೂ ಎರವಲು. ಎಲ್ಲರೂ ಹೇಳುತ್ತಾರೆ ಎಂಬುದು ಪದ ಆರಿಸುವ ನೆವವಾಗಬಾರದು. 'ಸ್ಕ್ರೀನ್‌ಶಾಟ್' ಎಂದು ಈ ಓಲೆಯುದ್ದಕ್ಕೂ ಬರೆಯುತ್ತಿದ್ದೀರಿ. ತೆರೆಚಿತ್ರ ಎನ್ನಲು ಏನಡ್ಡಿ?

— ಕೆ. ಜಿ.

———

ತೆರಿಚಿತ್ರ ಅಂದ್ರ ನಮ್ಮೂರಾಗ ಸಿನಿಮಾ ಅಂತ ತಿಳೀತಾರ್ರಿ. ಗಿಲಾವು ನಮ್ಮ ಅಜ್ಜನ ಕಾಲದಿಂದ ಐತಿ, ಅದನ್ನ ಈಗ ಯಾರ ಮನಿಗೆ ಕಳಸೋಣು? ಎರವಲು ತಂದದ್ದು ಎಂಟು ತಲಿ ಇದ್ರ ಅದು ನಮ್ಮದ.

— ಎಸ್.

———

ಎಂಟು ತಲೆಯಾದ ಮೇಲೆ ನಮ್ಮದಾಗುತ್ತದೆ ಎಂದು ಇವತ್ತೇ ಬಾಗಿಲು ತೆರೆದಿಡಲಾಗದು. ಒಪ್ಪುವುದಿಲ್ಲ.

— ಕೆ. ಜಿ.

———

ಹಿರಿಯರೇ, ದಯವಿಟ್ಟು ಆ ಜಗಳ ಬೇರೆ ಎಳೆಯಲ್ಲಿ ನಡೆಯಲಿ. ನನಗೆ ಇನ್ನೊಂದೇ ಪ್ರಶ್ನೆ. ಬಣ್ಣವೂ ಇಲ್ಲ, ಗೆರೆಯೂ ಇಲ್ಲದ ಕಡೆ ಒಳಗೋ ಹೊರಗೋ ಎಂದು ಹುಡುಗರು ಹೇಗೆ ತೀರ್ಮಾನಿಸಬೇಕು?

— ವಿ. ಎಂ.

———

ಬಣ್ಣ ಎಲ್ಲಿಯವರೆಗೆ ಹರಡಿದೆಯೋ ಅಲ್ಲಿಯವರೆಗೆ ಒಳತೆರಪು. ಅದು ಸುಲಭ. ಬಣ್ಣವಿಲ್ಲದಿದ್ದರೆ ಎರಡು ಕೇಳಿಕೊಳ್ಳಲಿ. ಬೆರಳಿಟ್ಟಾಗ ಆ ಜಾಗವೂ ಒತ್ತಿಸಿಕೊಳ್ಳಬೇಕೆ? ಬೇಕಿದ್ದರೆ ಒಳತೆರಪು, ಮೆನುವಿನ ಕೊಂಡಿಗಳೆಲ್ಲ ಹೀಗೆ. ಸಾಲಿನಲ್ಲಿ ಇರುವವು ನಾಳೆ ಮೂರರಿಂದ ನಾಲ್ಕಾದರೆ ಆ ಜಾಗ ತಾನಾಗಿ ಮತ್ತೊಂದು ಬರಬೇಕೆ? ಬೇಕಿದ್ದರೆ ನಡುತೆರಪು, ಅದು ಕಾರ್ಡಿನದಲ್ಲ, ಕಾರ್ಡುಗಳನ್ನು ಹಿಡಿದ ಡಬ್ಬಿಯದು.

ಪರೀಕ್ಷೆಗೆ ನಾನು ಮಾಡುವುದು ಇಷ್ಟು. ಚಿತ್ರದ ಗುಂಡಿಯಲ್ಲಿ 'ಬುಕ್ ನೌ' ಇದೆ ಎನ್ನಿ. ಅದನ್ನು ತೆಗೆದು 'ಈಗಲೇ ಕಾಯ್ದಿರಿಸಿ' ಎಂದು ಹಾಕಿಸಿ. `width: 120px` ಎಂದು ಬರೆದವನ ಗುಂಡಿಯಲ್ಲಿ ಮಾತು ಮುರಿದು ಎರಡು ಸಾಲಾಗುತ್ತದೆ ಇಲ್ಲವೇ ಹೊರಕ್ಕೆ ಚಾಚುತ್ತದೆ. `padding: 12px 24px` ಎಂದವನ ಗುಂಡಿ ತಾನೇ ಅಗಲವಾಗುತ್ತದೆ. ಮೊದಲು ಇಬ್ಬರ ಪುಟವನ್ನೂ ಚಿತ್ರದ ಮೇಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಕಾರ್ಡಿಗೆ `height` ಕೊಟ್ಟವರೂ ಹೀಗೇ ಸಿಕ್ಕಿಬೀಳುತ್ತಾರೆ. ಮತ್ತೆ, ಕನ್ನಡ ಹಾಕುವಾಗ ಸಾಲಿನ ಎತ್ತರ 1.4 ಸಾಲದು. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ನಾನು 1.6ರಿಂದ ಶುರು ಮಾಡುತ್ತೇನೆ. ಆಗ ಮೇಲಿನ 7 ಕೂಡ ಬದಲಾಗುತ್ತದೆ.

ಫೋನಿನಲ್ಲಿ ಈ ಮೂರು ಕಾರ್ಡು ಹೇಗೆ ನಿಲ್ಲಬೇಕು ಎಂಬುದಕ್ಕೆ ಚಿತ್ರದಲ್ಲಿ ಉತ್ತರವೇ ಇಲ್ಲ. ಅದನ್ನು ಕೊಟ್ಟವರನ್ನೇ ಕೇಳಬೇಕು. ಕೈಪಿಡಿಯಲ್ಲಿ ಅದೊಂದು ಸಾಲು ಸೇರಿಸಿ.

— ಆರ್.

———

ತುಂಬಾ ಉಪಕಾರವಾಯಿತು. ಒಳತೆರಪು, ಹೊರತೆರಪು, ನಡುತೆರಪು ಎಂದೇ ಹಾಕುತ್ತಿದ್ದೇನೆ, ಮೊದಲ ಸಲ ಬಂದಾಗ ಪಕ್ಕದಲ್ಲಿ ಸಿಎಸ್‌ಎಸ್ ಪದವೂ ಇರುತ್ತದೆ. ಅಂಚು `border`ಗೆ. ಸ್ಕ್ರೀನ್‌ಶಾಟ್ ಹಾಗೇ ಉಳಿಸುತ್ತೇನೆ, ಕೆ. ಜಿ. ಸರ್ ಕ್ಷಮಿಸಬೇಕು. "ಇದನ್ನು ಕಟ್ಟಿ" ಎಂಬುದರ ಕೆಳಗೆ "ಚಿತ್ರ ಹೇಳದ ಮೂರು ಸಂಗತಿಗಳನ್ನು ಮೊದಲು ಬರೆದು ತೋರಿಸಿ" ಎಂದು ಸೇರಿಸಿದ್ದೇನೆ.

— ವಿ. ಎಂ.

———

ಸ್ಕ್ರೀನ್‌ಶಾಟ್ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ. 'ಹೊರತೆರಪು' ಒಂದೇ ಪದವಾಗಿ ಬರೆಯಿರಿ, ನಡುವೆ ಜಾಗ ಬಿಡಬೇಡಿ.

— ಕೆ. ಜಿ.