ಪದಚರ್ಚೆ: ಹಿಮ್ಮರೆವು, ಮುಮ್ಮರೆವು ಎಂಬ ಪದಗಳು ಯಾವ ಕಡೆಗೆ ನೋಡುತ್ತವೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನೆನಪಿನ ತೊಂದರೆಗಳನ್ನು ಕುರಿತ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ರೆಟ್ರೊಗ್ರೇಡ್ ಅಮ್ನೇಶಿಯಾ, ಆಂಟೆರೊಗ್ರೇಡ್ ಅಮ್ನೇಶಿಯಾ ಎಂಬ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಮೆದುಳಿಗೆ ಪೆಟ್ಟಾದ ದಿನವನ್ನು ಒಂದು ಗೆರೆ ಎಂದುಕೊಂಡರೆ, ಆ ಗೆರೆಗಿಂತ ಮುಂಚೆ ನಡೆದದ್ದು ನೆನಪಿಗೆ ಬಾರದಿರುವುದು ಮೊದಲನೆಯದು. ಗೆರೆಯ ನಂತರ ನಡೆಯುವುದು ನೆನಪಿನಲ್ಲಿ ನಿಲ್ಲದಿರುವುದು ಎರಡನೆಯದು. ಪ್ರತಿಗಾಮಿ ವಿಸ್ಮೃತಿ, ಅಗ್ರಗಾಮಿ ವಿಸ್ಮೃತಿ ಎಂದು ಮೊದಲು ಬರೆದುಕೊಂಡಿದ್ದೆ. ಕರಡನ್ನು ಓದಿದ ನನ್ನ ತಂಗಿಗೆ ಪ್ರತಿಗಾಮಿ ಎಂದೊಡನೆ ರಾಜಕೀಯದ ಮಾತೇ ಹೊಳೆಯಿತು. ಹಿಮ್ಮರೆವು, ಮುಮ್ಮರೆವು ಎಂದು ತಿದ್ದಿದೆ. ಅವಳು ಮುಮ್ಮರೆವು ಎಂದರೆ ಮುಂಚಿನದನ್ನು ಮರೆಯುವುದು ಎಂದು ತಿಳಿದಳು, ಅಂದರೆ ಅರ್ಥ ಸಂಪೂರ್ಣ ತಿರುಗುಮುರುಗಾಯಿತು.

ಇನ್ನೊಂದು ತೊಡಕಿದೆ. ಲೇಖನದ ಕೇಂದ್ರದಲ್ಲಿರುವವರು ಅಮೆರಿಕದ ಹೆನ್ರಿ ಮೊಲೈಸನ್. ಅಪಸ್ಮಾರದ ಉಪಶಮನಕ್ಕೆಂದು 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವರ ಮೆದುಳಿನ ಎರಡೂ ಬದಿಗಳಲ್ಲಿ ಕಿವಿಯ ಮಟ್ಟದ ಒಳಭಾಗವನ್ನು, ಹಿಪೊಕ್ಯಾಂಪಸ್‌ನ ಬಹುಭಾಗದೊಂದಿಗೆ, ತೆಗೆದುಹಾಕಿದರು. 1955ರ ಏಪ್ರಿಲ್‌ನಲ್ಲಿ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಮೊಲೈಸನ್ ಅವರನ್ನು ಪರೀಕ್ಷಿಸಿದರು. ಆಗ ಮೊಲೈಸನ್, ಸ್ವಲ್ಪ ಹೊತ್ತಿನ ಮುಂಚೆ ತಮ್ಮೊಡನೆ ಮಾತನಾಡಿ ಹೋಗಿದ್ದ ಇನ್ನೊಬ್ಬ ವೈದ್ಯರನ್ನು ‘ಮರೆತಿದ್ದರು’ ಎಂದು ನಾನು ಬರೆದಿದ್ದೇನೆ. ನೆನಪೇ ಆಗದಿದ್ದುದನ್ನು ಮರೆತರು ಎನ್ನಬಹುದೇ? ಎರಡಕ್ಕೂ ‘ಮರೆವು’ ಎಂಬ ಒಂದೇ ಪದವನ್ನು ಬಳಸುವುದು ಸರಿಯೇ?

ಸು. ರಾ., ಶಿವಮೊಗ್ಗ

*

ಸು. ರಾ. ಅವರಿಗೆ ನಮಸ್ಕಾರ.

ಪದರಚನೆಯಲ್ಲಿ ದೋಷವಿಲ್ಲ. ಹಿಮ್ಮಡಿ, ಹಿಮ್ಮೇಳ, ಮುಮ್ಮೇಳಗಳಂತೆಯೇ ಹಿಮ್ಮರೆವು, ಮುಮ್ಮರೆವು ಎಂಬ ರೂಪಗಳೂ ಆಗುತ್ತವೆ. ಆದರೆ ಯಕ್ಷಗಾನದ ಮುಮ್ಮೇಳ, ಹಿಮ್ಮೇಳಗಳಲ್ಲಿ ಮುಂದು, ಹಿಂದು ಎಂಬುವು ಸ್ಥಳವನ್ನು ಹೇಳುತ್ತವೆ. ಅದೇ ಬೇರು ಕಾಲಕ್ಕೆ ಬಂದಾಗ ಎರಡು ಕಡೆಗೂ ತಿರುಗುತ್ತದೆ: ಮುಂಚೆ, ಮುನ್ನ ಎಂದರೆ ಕಳೆದದ್ದು, ಮುಂದೆ ಎಂದರೆ ಬರಲಿರುವುದು. ಮುನ್ನುಡಿ ಪುಸ್ತಕಕ್ಕಿಂತ ಮೊದಲು ಬರುವ ಮಾತು. ಮುಂದಿನ ವರ್ಷ ಇನ್ನೂ ಬಾರದ ವರ್ಷ. ನಿಮ್ಮ ತಂಗಿಯವರು ತಪ್ಪಾಗಿ ಓದಲಿಲ್ಲ. ಭಾಷೆಯಲ್ಲೇ ಇರುವ ಒಂದು ದಾರಿಯನ್ನು ಹಿಡಿದರು. ಸಂಸ್ಕೃತದ ‘ಪೂರ್ವ’ವನ್ನು ಬಳಸಿದರೆ ಕಳೆದದ್ದು ಎಂಬುದು ಸ್ಪಷ್ಟವಾಗುತ್ತದೆ, ಪೂರ್ವವಿಸ್ಮೃತಿ, ಉತ್ತರವಿಸ್ಮೃತಿ ಎಂಬ ಜೋಡಿಯನ್ನು ಪರಿಶೀಲಿಸಬಹುದು.

ಕೆ. ವೆಂ., ಮೈಸೂರು

*

ಎಲ್ಲರಿಗೂ ನಮಸ್ಕಾರ.

ಇಷ್ಟು ಕಷ್ಟಪಡಬೇಕಾದ ಅಗತ್ಯ ನನಗೆ ಕಾಣುತ್ತಿಲ್ಲ. ಆಂಟೆರೊಗ್ರೇಡ್ ಎಂದರೆ ಅಲ್ಪಾವಧಿಯ ನೆನಪು ಹೋಗುವುದು, ರೆಟ್ರೊಗ್ರೇಡ್ ಎಂದರೆ ದೀರ್ಘಾವಧಿಯ ನೆನಪು ಹೋಗುವುದು ಎಂದು ನಾನು ಓದಿದ್ದೇನೆ. ಮೊಲೈಸನ್ ಅವರಿಗೆ ಬಾಲ್ಯ ನೆನಪಿತ್ತು, ಐದು ನಿಮಿಷದ ಹಿಂದಿನದು ನೆನಪಿರಲಿಲ್ಲ. ಆದ್ದರಿಂದ ‘ಅಲ್ಪಮರೆವು’, ‘ದೀರ್ಘಮರೆವು’ ಎಂದರೆ ಶಾಲೆಯ ಮಕ್ಕಳಿಗೂ ತಿಳಿಯುತ್ತದೆ.

ಜಿ. ಎಂ., ಹುಬ್ಬಳ್ಳಿ

*

ಮಾನ್ಯರೇ,

ಜಿ. ಎಂ. ಅವರು ಹೇಳಿದ್ದರಲ್ಲಿ ಬಾಲ್ಯದ ಮಾತು ನಿಜ. ಆದರೆ ಅಲ್ಪಾವಧಿಯ ನೆನಪು ಎಂಬ ಮಾತನ್ನು ಇಲ್ಲಿ ತರಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಮೊಲೈಸನ್ ಅವರಲ್ಲಿ ಕೆಡದೆ ಉಳಿದದ್ದೇ ಅದು. ಹೇಳಿದ ಅಂಕಿಗಳನ್ನು ಅವರು ಒಡನೆಯೇ ಇತರರಂತೆ ತಿರುಗಿ ಹೇಳುತ್ತಿದ್ದರು. ಮಿಲ್ನರ್ ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಲು ಹೇಳಿ ಅವರನ್ನು ಸುಮ್ಮನೆ ಕುಳಿತಿರಲು ಬಿಟ್ಟರು. ಕಾಲು ಗಂಟೆಯ ನಂತರ ಕೇಳಿದಾಗ ಅವರು ಸರಿಯಾಗಿ ಹೇಳಿದರು, ಹೇಗೆಂಬುದನ್ನೂ ವಿವರಿಸಿದರು: 8 ಒಂದನ್ನು ನೆನಪಿಡಬೇಕು, ಮೂರೂ ಅಂಕಿ ಕೂಡಿದರೆ 17, ಅದರಲ್ಲಿ 8 ಕಳೆದರೆ 9, ಒಂಬತ್ತನ್ನು ಎರಡು ಪಾಲು ಮಾಡಿದರೆ 5 ಮತ್ತು 4. ಆ ಕಾಲು ಗಂಟೆಯೂ ಅವರು ಮನಸ್ಸಿನಲ್ಲಿ ಇದನ್ನೇ ಹಿಡಿದುಕೊಂಡಿದ್ದರು. ಮಾತು ಬೇರೆಡೆಗೆ ತಿರುಗಿ ಒಂದೆರಡು ನಿಮಿಷವಾಗುವಷ್ಟರಲ್ಲಿ ಸಂಖ್ಯೆಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ಮನಸ್ಸಿನಲ್ಲಿ ಹಿಡಿದುಕೊಂಡಿರುವ ಕೆಲಸ ಒಂದು, ಹಿಡಿದದ್ದನ್ನು ಉಳಿಯುವ ನೆನಪನ್ನಾಗಿ ಮಾಡುವ ಕೆಲಸ ಇನ್ನೊಂದು, ಮತ್ತು ಹಿಪೊಕ್ಯಾಂಪಸ್ ಬೇಕಾಗುವುದು ಎರಡನೆಯದಕ್ಕೆ. ಇದಕ್ಕೆ ತದ್ವಿರುದ್ಧವಾದ ಒಬ್ಬ ರೋಗಿಯನ್ನು ಇಂಗ್ಲೆಂಡಿನ ಶಾಲಿಸ್ ಮತ್ತು ವಾರಿಂಗ್ಟನ್ 1970ರಲ್ಲಿ ವರ್ಣಿಸಿದರು. ಆತನಿಗೆ ಕೇಳಿದ ಎರಡು ಅಂಕಿಗಳನ್ನು ತಿರುಗಿ ಹೇಳುವುದೇ ಕಷ್ಟವಾಗಿತ್ತು, ಆದರೆ ಹೊಸದನ್ನು ಕಲಿತು ಬಹುಕಾಲ ನೆನಪಿಡಲು ತೊಂದರೆ ಇರಲಿಲ್ಲ. ಒಬ್ಬರಲ್ಲಿ ಕೆಟ್ಟದ್ದು ಇನ್ನೊಬ್ಬರಲ್ಲಿ ಉಳಿದು, ಉಳಿದದ್ದು ಕೆಟ್ಟಿರುವಾಗ, ಅವೆರಡೂ ಒಂದೇ ಶಕ್ತಿಯ ಹೆಚ್ಚು ಕಡಿಮೆಗಳೆಂದು ಹೇಳಲಾಗುವುದಿಲ್ಲ. ಅಲ್ಪಮರೆವು ಎಂಬ ಪದ ಈ ಭೇದವನ್ನು ಅಳಿಸಿಬಿಡುತ್ತದೆ.

ಸು. ರಾ. ಅವರ ಎರಡನೆಯ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಕನ್ನಡದಲ್ಲಿ ನಾವು ನೆನಪಿಟ್ಟುಕೊಳ್ಳುತ್ತೇವೆ, ಅದು ನೆನಪಿರುತ್ತದೆ, ಬೇಕಾದಾಗ ನೆನಪಿಸಿಕೊಳ್ಳುತ್ತೇವೆ. ಮೂರು ಕ್ರಿಯಾಪದಗಳು ಮೂರು ಹಂತಗಳನ್ನು ಬಿಡಿಸಿ ಹೇಳುತ್ತವೆ. ‘ಮರೆತೆ’ ಎಂಬುದೊಂದೇ ಎಲ್ಲಿ ತಪ್ಪಿತೆಂಬುದನ್ನು ಹೇಳುವುದಿಲ್ಲ. ಆ ವೈದ್ಯರನ್ನು ಕುರಿತು ‘ಅವರು ಬಂದುಹೋದದ್ದು ಮೊಲೈಸನ್‌ಗೆ ನೆನಪಾಗಿ ಉಳಿದಿರಲಿಲ್ಲ’ ಎಂದು ಬರೆಯಿರಿ. ಅದೇ ದಿನ ಅವರು ಅಂದಿನ ತಿಂಗಳನ್ನು 1953ರ ಮಾರ್ಚ್ ಎಂದೂ ತಮ್ಮ ವಯಸ್ಸನ್ನು 27 ಎಂದೂ ಹೇಳಿದರು. ಗಡಿಯಾರ ಶಸ್ತ್ರಚಿಕಿತ್ಸೆಗಿಂತ ಕೆಲವು ತಿಂಗಳು ಮುಂಚೆಯೇ ನಿಂತಂತಿತ್ತು. ಅದಕ್ಕೂ ಮೂರು ವರ್ಷ ಹಿಂದೆ ತೀರಿಕೊಂಡ ಅಕ್ಕರೆಯ ಚಿಕ್ಕಪ್ಪನ ಸಾವೂ ಅವರಿಗೆ ನೆನಪಿರಲಿಲ್ಲ. ಆ ಸಾವಿನ ಸುದ್ದಿ ತಿಳಿದಾಗ ಅವರ ಮೆದುಳು ಇಡಿಯಾಗಿತ್ತು. ಅಲ್ಲಿ ‘ಮರೆತಿದ್ದರು’ ಎಂಬುದೇ ಸರಿಯಾದ ಮಾತು.

ಡಾ. ಎಸ್. ಪಿ., ಬೆಂಗಳೂರು

*

ಬಳಗಕ್ಕೆ ನಮಸ್ಕಾರ.

ಪದದ ವಿಷಯದಲ್ಲಿ ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ಮನೆಯಲ್ಲಿ ನಡೆದದ್ದನ್ನು ಮಾತ್ರ ಬರೆಯುತ್ತೇನೆ. ನಮ್ಮ ತಂದೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಎಚ್ಚರವಾದ ಮೇಲೆ ನಮ್ಮನ್ನೆಲ್ಲ ಗುರುತಿಸುತ್ತಿದ್ದರು, ಆದರೆ ‘ಇಲ್ಲಿಗೆ ಯಾಕೆ ಬಂದೆ?’ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು. ನಾಲ್ಕು ದಿನ ಹೀಗೇ ಇತ್ತು. ನಾಲ್ಕೈದು ತಿಂಗಳ ಹಿಂದೆ ಆಗಿದ್ದ ತಂಗಿಯ ಮದುವೆಯೂ ಅವರಿಗೆ ಗೊತ್ತಿರಲಿಲ್ಲ, ಅದನ್ನು ಕೇಳಿ ಅವಳು ಅತ್ತುಬಿಟ್ಟಿದ್ದಳು. ಆಮೇಲೆ ಮದುವೆ ನೆನಪಾಯಿತು, ಗೌರಿ ಹಬ್ಬ ನೆನಪಾಯಿತು, ಕೊನೆಗೆ ಬಿದ್ದ ದಿನದ ಬೆಳಗಿನ ತಿಂಡಿಯೂ ನೆನಪಾಯಿತು. ಮನೆಯಿಂದ ಹೊರಟ ಮೇಲಿನ ಅರ್ಧ ಗಂಟೆ ಮತ್ತು ಆಸ್ಪತ್ರೆಯ ಆ ನಾಲ್ಕು ದಿನ ಮಾತ್ರ ಇಂದಿಗೂ ಬಂದಿಲ್ಲ. ‘ಮರೆವಲ್ಲ, ವಯಸ್ಸಿನ ಅರಳುಮರಳು ಶುರುವಾಗಿದೆ’ ಎಂದು ನೆಂಟರು ಆಡಿಕೊಂಡದ್ದು ಅವರಿಗೆ ಬಹಳ ನೋವು ಕೊಟ್ಟಿತು. ಇದಕ್ಕೆ ನೀವು ಹೇಳುತ್ತಿರುವ ಯಾವ ಹೆಸರು ಸಲ್ಲುತ್ತದೆ?

ಲ. ಬಿ., ಕುಂದಾಪುರ

*

ಲ. ಬಿ. ಅವರಿಗೆ,

ನಿಮ್ಮ ತಂದೆಯವರಿಗೆ ಆದದ್ದು ಅರಳುಮರಳಲ್ಲ; ಅದು ಮೆಲ್ಲಗೆ ಶುರುವಾಗಿ ಹೆಚ್ಚುತ್ತ ಹೋಗುತ್ತದೆ, ಇದು ಒಂದೇ ಏಟಿಗೆ ಬಂದು ಕಡಿಮೆಯಾಗುತ್ತ ಹೋಯಿತು. ನೆಂಟರಿಗೆ ಇಷ್ಟನ್ನು ಧಾರಾಳವಾಗಿ ಹೇಳಬಹುದು.

ನಾವು ಹೆಸರು ಹುಡುಕುತ್ತಿರುವ ಎರಡೂ ಸ್ಥಿತಿಗಳು ನಿಮ್ಮ ಪತ್ರದಲ್ಲಿವೆ. ಮದುವೆ, ಹಬ್ಬ, ತಿಂಡಿ ಇವು ತಿರುಗಿ ಬಂದವು, ಅಂದರೆ ಅಲ್ಲಿಯೇ ಇದ್ದವು, ಅವನ್ನು ತಲುಪುವ ದಾರಿ ಮಾತ್ರ ಮುಚ್ಚಿತ್ತು. ಹಳೆಯದು ಮೊದಲು, ಹೊಸದು ಆಮೇಲೆ ಎಂಬ ಕ್ರಮವೂ ಸಾಮಾನ್ಯವಾಗಿ ಕಾಣುವಂಥದು. ಹಳೆಯ ನೆನಪು ಗಟ್ಟಿ, ಹೊಸದು ಎಳಸು ಎಂದು ಫ್ರಾನ್ಸಿನ ರೀಬೋ 19ನೇ ಶತಮಾನದಲ್ಲೇ ಗುರುತಿಸಿದ್ದರು. ಆಸ್ಪತ್ರೆಯ ನಾಲ್ಕು ದಿನ ಬರುವುದಿಲ್ಲ, ಅವು ನೆನಪಾಗಿ ಉಳಿದೇ ಇರಲಿಲ್ಲ. ಬೀಳುವ ಮೊದಲಿನ ಅರ್ಧ ಗಂಟೆ ನಡುವಿನದು: ಅನುಭವಕ್ಕೆ ಬಂದಿತ್ತು, ಗಟ್ಟಿಯಾಗುವ ಮೊದಲೇ ಪೆಟ್ಟು ಬಿತ್ತು ಎಂದು ತಿಳಿಯಲಾಗಿದೆ. ಗೆರೆಯ ಹಿಂದೆ ಬಿದ್ದಿರುವುದರಿಂದ ಅದನ್ನು ರೆಟ್ರೊಗ್ರೇಡ್ ಎನ್ನುತ್ತೇವೆ, ಆದರೆ ಅದರ ಗುಣ ಎರಡನೆಯದಕ್ಕೆ ಹತ್ತಿರ. ಕಾಲದ ಗೆರೆಯನ್ನು ನೋಡಿ ಇಟ್ಟ ಹೆಸರು ಕಾರಣವನ್ನು ಹೇಳುವುದಿಲ್ಲ ಎಂಬುದನ್ನು ಸು. ರಾ. ಅವರು ಎಲ್ಲಾದರೂ ಒಂದು ವಾಕ್ಯದಲ್ಲಿ ಸೂಚಿಸಿದರೆ ಒಳ್ಳೆಯದು.

ಡಾ. ಎಸ್. ಪಿ.

*

ಡಾಕ್ಟರರಲ್ಲಿ ಒಂದು ವಿನಂತಿ. ನೆನಪಾಗಿ ಉಳಿಯಲೇ ಇಲ್ಲ ಎಂದು ಅಷ್ಟು ಖಚಿತವಾಗಿ ಹೇಳಬಹುದೇ? ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯುವುದನ್ನು ಮೊಲೈಸನ್ ಮೂರು ದಿನಗಳಲ್ಲಿ ಚೆನ್ನಾಗಿ ಕಲಿತರೆಂದು ಓದಿದ ನೆನಪು.

ಕೆ. ವೆಂ.

*

ಕೆ. ವೆಂ. ಸರ್, ತಿದ್ದಿದ್ದಕ್ಕೆ ಕೃತಜ್ಞ. ಅವರು ಕಲಿತದ್ದು ನಿಜ. ಪ್ರತಿದಿನವೂ ತಪ್ಪುಗಳು ಕಡಿಮೆಯಾದವು, ಹಿಂದಿನ ದಿನದ ಕೌಶಲ ಮರುದಿನಕ್ಕೆ ಉಳಿಯಿತು, ಆದರೆ ಹಿಂದೆಂದೂ ಅದನ್ನು ಮಾಡಿದ ನೆನಪು ಅವರಿಗೆ ಇರಲಿಲ್ಲ. ಕೈಯ ರೂಢಿಯನ್ನು ಹಿಪೊಕ್ಯಾಂಪಸ್ ಅಲ್ಲದೆ ಮೆದುಳಿನ ಬೇರೆ ಭಾಗಗಳು ಕಲಿಯುತ್ತವೆ ಎಂಬುದು ಹೀಗೆ ಬೆಳಕಿಗೆ ಬಂತು. ಆದ್ದರಿಂದ ನಾನು ‘ನಡೆದ ಸಂಗತಿ ನೆನಪಾಗಿ ಉಳಿಯಲಿಲ್ಲ’ ಎಂದು ಹೇಳಬೇಕಾಗಿತ್ತು. ಕನ್ನಡದಲ್ಲಿ ‘ಕೈಗೆ ಅಭ್ಯಾಸವಾಗಿದೆ’ ಎನ್ನುತ್ತೇವೆಯೇ ಹೊರತು ‘ಕೈಗೆ ನೆನಪಿದೆ’ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಇಲ್ಲಿ ನಮ್ಮ ರೂಢಿಯ ಮಾತೇ ಅನುಕೂಲಕರವಾಗಿದೆ.

ಹಳೆಯ ನೆನಪುಗಳ ವಿಷಯದಲ್ಲಿ ಮಾತ್ರ ನಮ್ಮವರಲ್ಲೇ ಒಮ್ಮತವಿಲ್ಲ. ಮೊಲೈಸನ್ ತಮ್ಮ ತಂದೆತಾಯಿಗಳ ಸ್ವಭಾವವನ್ನು ಹೇಳುತ್ತಿದ್ದರು, ಅವರೊಡನೆ ಒಂದು ನಿರ್ದಿಷ್ಟ ದಿನ ನಡೆದ ಪ್ರಸಂಗವನ್ನು ಹೇಳಿರೆಂದರೆ ಬಹುಮಟ್ಟಿಗೆ ಹೇಳಲಾಗುತ್ತಿರಲಿಲ್ಲ. ವರ್ಷಗಳು ಕಳೆದಂತೆ ನೆನಪು ಮೆದುಳಿನ ಹೊರಪದರದಲ್ಲೇ ನೆಲೆಗೊಂಡು ಹಿಪೊಕ್ಯಾಂಪಸ್‌ನ ಹಂಗನ್ನು ಕಳೆದುಕೊಳ್ಳುತ್ತದೆ ಎನ್ನುವವರಿದ್ದಾರೆ. ತಿಳಿದ ಸಂಗತಿಗೆ ಅದು ನಿಜ, ಕಣ್ಣಿಗೆ ಕಟ್ಟುವಂಥ ಪ್ರಸಂಗಕ್ಕೆ ಹಿಪೊಕ್ಯಾಂಪಸ್ ಎಂದೆಂದಿಗೂ ಬೇಕು ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ ವಾಲುತ್ತೇನೆ.

ಡಾ. ಎಸ್. ಪಿ.

*

ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಮೊದಲನೆಯದಕ್ಕೆ ‘ಪೂರ್ವಮರೆವು’ ಎಂದು ಇಟ್ಟುಕೊಳ್ಳುತ್ತೇನೆ. ಸಂಸ್ಕೃತ, ಕನ್ನಡ ಬೆರೆತ ಸಮಾಸವೆಂದು ಕೆ. ವೆಂ. ಅವರು ಒಪ್ಪದಿರಬಹುದು. ಎರಡನೆಯದಕ್ಕೆ ಮರೆವು ಎಂಬ ಪದವನ್ನೇ ಬಿಟ್ಟು ‘ಹೊಸನೆನಪು ನಿಲ್ಲದಿರುವಿಕೆ’ ಎಂದು ಬರೆದಿದ್ದೇನೆ. ವಾಕ್ಯದ ನಡುವೆ ಇದು ಸರಾಗವಾಗಿ ಕೂರುತ್ತದೆ, ಶೀರ್ಷಿಕೆಗೆ ಮಾತ್ರ ಉದ್ದವಾಯಿತು. ಜಿ. ಎಂ. ಅವರ ಪದಗಳನ್ನು ಬಳಸಲಾಗಲಿಲ್ಲವಾದರೂ ಆ ತಪ್ಪು ತಿಳಿವಳಿಕೆ ನನ್ನ ಕರಡಿನಲ್ಲೂ ಎರಡು ಕಡೆ ನುಸುಳಿತ್ತು, ಈಗ ತೆಗೆದಿದ್ದೇನೆ. ಕುಂದಾಪುರದವರ ಅರ್ಧ ಗಂಟೆಗೆ ಪ್ರತ್ಯೇಕವಾದ ಚಿಕ್ಕ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.

ಸು. ರಾ.