ಪ್ಲ್ಯಾನ್ 900, ಬಿಲ್ 1,300: ಗ್ರಾಹಕರಿಗೆ ಏನಂತ ಹೇಳೋದು?

ಕೇಳಿದವರು: ಸಪೋರ್ಟ್ ಕೆಲಸಕ್ಕೆ ಹೊಸಬಳು. ಗ್ರಾಹಕರೊಬ್ಬರ ಪ್ಲ್ಯಾನ್ ತಿಂಗಳಿಗೆ 900. ಜುಲೈ 1ಕ್ಕೆ 1,300 ಕಡಿತ ಆಗಿದೆ, ಯಾಕೆ ಅಂತ ಕೇಳ್ತಿದ್ದಾರೆ. ಇನ್‌ವಾಯ್ಸ್‌ನಲ್ಲಿ ಮೂರು ಸಾಲಿದೆ, ಒಂದು ಮೈನಸ್. ನೀವೆಲ್ಲ ಇದನ್ನ ಹೇಗೆ ಓದ್ತೀರಿ?

ಚಾಟ್ ಸಪೋರ್ಟ್‌ನವರು: ಮೈನಸ್ ಇದೆ ಅಂದ್ರೆ ತಿಂಗಳ ನಡುವೆ ಪ್ಲ್ಯಾನ್ ಬದಲಾಗಿದೆ. ಎರಡೂ ಪ್ಲ್ಯಾನಿಗೆ ದುಡ್ಡು ಹಿಡಿದಿರುತ್ತೆ. ಹೆಚ್ಚಾದ 400 ರೀಫಂಡ್ ಮಾಡಿಬಿಡಿ.

ಬಿಲ್ಲಿಂಗ್‌ನಲ್ಲಿ ಹಳಬರು: ಪ್ಲ್ಯಾನ್ ಬದಲಾಗಿರೋದು ನಿಜ ಇರಬಹುದು, ಆದ್ರೆ ರೀಫಂಡಿಗೆ ಆತುರ ಬೇಡ. ಮೈನಸ್ ಸಾಲು ರಿಯಾಯಿತಿಯದ್ದೂ ಆಗಿರಬಹುದು. ಒಂದೇ ಇನ್‌ವಾಯ್ಸ್ ಹಿಡ್ಕೊಂಡು ಕೂತರೆ ತಿಳಿಯಲ್ಲ. ಗ್ರಾಹಕರು ತಕರಾರಿಲ್ಲದೆ ಕಟ್ಟಿದ ಕೊನೆಯ ಇನ್‌ವಾಯ್ಸ್‌ಗೆ ಹೋಗಿ, ಅಲ್ಲಿಂದ ಮುಂದಕ್ಕೆ ಓದ್ತಾ ಬನ್ನಿ. ಪ್ರತಿ ಸಾಲಿನಲ್ಲೂ ಅದು ಯಾವ ಅವಧಿಗೆ ಅಂತ ನೋಡಿ. ಇನ್‌ವಾಯ್ಸ್ ತಾರೀಕು ಅದನ್ನ ಹೇಳಲ್ಲ. ನಿಮ್ಮ ಮೂರು ಸಾಲಿನ ಅವಧಿ ಏನಿದೆ?

ಕೇಳಿದವರು: ಜೂನ್ 1ಕ್ಕೆ 300 ಕಟ್ಟಿದ್ದಾರೆ, ಹಳೇ ಪ್ಲ್ಯಾನ್. ಜುಲೈ ಇನ್‌ವಾಯ್ಸ್‌ನಲ್ಲಿ, ಜೂನ್ 11ರಿಂದ 30ಕ್ಕೆ ಮೈನಸ್ 200, ಅದೇ ಅವಧಿಗೆ 600, ಆಮೇಲೆ ಪೂರ್ತಿ ಜುಲೈಗೆ 900.

ಬಿಲ್ಲಿಂಗ್‌ನಲ್ಲಿ ಹಳಬರು: ಹಾಗಾದ್ರೆ ಲೆಕ್ಕ ಸರಿಯಾಗಿದೆ. ಜೂನ್ 11ಕ್ಕೆ ದೊಡ್ಡ ಪ್ಲ್ಯಾನಿಗೆ ಹೋಗಿದ್ದಾರೆ. ಆಗ ಉಳಿದಿದ್ದು 30ರಲ್ಲಿ 20 ದಿನ. ಹಳೇ 300ರಲ್ಲಿ ಬಳಸದ ಪಾಲು 200, ಅದು ವಾಪಸ್ ಬಂತು. ಹೊಸ 900ರಲ್ಲಿ ಅದೇ 20 ದಿನದ ಪಾಲು 600. ವ್ಯತ್ಯಾಸ 400. ಅದನ್ನ ಆವತ್ತೇ ವಸೂಲಿ ಮಾಡದೆ ಮುಂದಿನ ಬಿಲ್ಲಿಗೆ ಸೇರಿಸಿದ್ದಾರೆ. ಕೆಲವು ಕಡೆ ದಿನದ ಬದಲು ಸೆಕೆಂಡಿನ ಲೆಕ್ಕ ಇರುತ್ತೆ, ಅಂಥಲ್ಲಿ ಚಿಲ್ಲರೆ ಹೆಚ್ಚುಕಮ್ಮಿ ಬರುತ್ತೆ. ಆ ಮೈನಸ್ ಸಾಲೇ ಇಲ್ಲದೆ 600 ಮಾತ್ರ ಬಂದಿದ್ರೆ ತಪ್ಪು ನಮ್ಮದು, ಆಗ 200 ಕೊಡಲೇಬೇಕು.

ಉತ್ತರದಲ್ಲಿ ಭಾಗಾಕಾರ ಬರೀಬೇಡಿ. ಹೀಗೆ ಬರೆದ್ರೆ ಸಾಕು: “ಜೂನ್ 11ಕ್ಕೆ ನಿಮ್ಮ ಪ್ಲ್ಯಾನ್ ಬದಲಾಗಿದೆ. ಜೂನ್ ಕೊನೆಯ 20 ದಿನದ ಬಾಕಿ 400, ಜುಲೈ ತಿಂಗಳಿಗೆ 900. ಪ್ಲ್ಯಾನ್ ಬದಲಿಸದಿದ್ರೆ ಆಗಸ್ಟಿನಿಂದ 900 ಮಾತ್ರ.” ಆ ಕೊನೆಯ ಮಾತು ಬಿಡಬೇಡಿ. ಪ್ರತಿ ತಿಂಗಳೂ 1,300 ಹೋಗುತ್ತೇನೋ ಅಂತಲೇ ಅವರಿಗೆ ಗಾಬರಿ.

ಇನ್ನೊಬ್ಬರು: ನಂಗೂ ಹೀಗೇ ಆಗಿತ್ತು, ಒಂದೇ ದಿನ ಕಾರ್ಡಿನಿಂದ ಎರಡು ಸಲ ಹೋಯ್ತು. ಇದಕ್ಕೂ ಪ್ಲ್ಯಾನ್ ಬದಲಾವಣೆನೇ ಕಾರಣನಾ?

ಬಿಲ್ಲಿಂಗ್‌ನಲ್ಲಿ ಹಳಬರು: ಅದು ಬೇರೆ ವಿಷಯ. ಇನ್‌ವಾಯ್ಸ್ ಒಂದೇ ಇದ್ದು ಬ್ಯಾಂಕಲ್ಲಿ ಎರಡು ಕಂಡ್ರೆ ಪಾವತಿ ಪ್ರಯತ್ನಗಳ ಪಟ್ಟಿ ನೋಡಬೇಕು. ಒಂದು ವಿಫಲವಾಗಿದ್ರೆ ಬ್ಯಾಂಕ್ ಆ ಮೊತ್ತವನ್ನ ತಡೆಹಿಡಿದಿರಬಹುದು, ಆಮೇಲೆ ಬಿಡುತ್ತೆ. ಎರಡೂ ಯಶಸ್ವಿ ಅಂತ ಇದ್ರೆ ಒಂದನ್ನ ವಾಪಸ್ ಕೊಡಬೇಕು.

ಕೇಳಿದವರು: ಥ್ಯಾಂಕ್ಸ್ ಸರ್, ಕಳಿಸಿದೆ. ಈಗ ಅವರು “ಪ್ಲ್ಯಾನ್ ಬದಲಿಸಿದ್ದು ನಾನಲ್ಲ, ನಮ್ಮ ಆಫೀಸಲ್ಲಿ ಬೇರೆ ಯಾರೋ” ಅಂತಿದ್ದಾರೆ.

ಚಾಟ್ ಸಪೋರ್ಟ್‌ನವರು: ಹಾಗಾದ್ರೆ 400 ಕೊಡೋದೇ ನ್ಯಾಯ ಅಂತೀನಿ.

ಬಿಲ್ಲಿಂಗ್‌ನಲ್ಲಿ ಹಳಬರು: ಯಾವ ಲಾಗಿನ್‌ನಿಂದ ಬದಲಾಗಿದೆ, ಆ 20 ದಿನ ದೊಡ್ಡ ಪ್ಲ್ಯಾನಿನ ಸೌಲಭ್ಯ ಬಳಸಿದ್ದಾರಾ, ಮೊದಲು ನೋಡಿ. ಬಳಸಿದ್ರೆ ನಾನಂತೂ ಕೊಡಲ್ಲ. ಬಳಸದಿದ್ರೆ ನಿಮ್ಮ ಮ್ಯಾನೇಜರನ್ನ ಕೇಳಿ. ಇನ್‌ವಾಯ್ಸ್‌ನಲ್ಲಿ ಇದಕ್ಕೆ ಉತ್ತರ ಸಿಗಲ್ಲ.