ಹಾಲಿನ ಲೆಕ್ಕದಲ್ಲಿ 24 ಲೀಟರ್: ಔಟ್‌ಲೈಯರ್ರಾ, ಅಲ್ವಾ?

ಪ್ರಶ್ನೆ (ಮದ್ದೂರು ಕಡೆಯ ವಿದ್ಯಾರ್ಥಿನಿ): ನಮ್ಮನೆಯಿಂದ 11 ದಿನ ಬೆಳಿಗ್ಗೆ ಡೈರಿಗೆ ಹಾಕಿದ ಹಾಲು, ಲೀಟರ್‌ನಲ್ಲಿ: 11, 9, 12, 10, 24, 8, 12, 11, 9, 13, 10. ಮೊದಲ ಕ್ವಾರ್ಟೈಲ್ ಕೈಯಲ್ಲಿ ಮಾಡಿದರೆ 9, ಎಕ್ಸೆಲ್‌ನಲ್ಲಿ 9.5. ಯಾವುದು ಸರಿ? ಬಾಕ್ಸ್ ಪ್ಲಾಟ್‌ನ ಮೀಸೆ 24ರವರೆಗೂ ಎಳೀಬೇಕಾ?

ಮಂಡ್ಯದ ಒಬ್ಬರು: 24 ತಪ್ಪು ಎಂಟ್ರಿ. ತೆಗೆದುಹಾಕಿ, ಉಳಿದ ಹತ್ತಕ್ಕೆ ಮಾಡಿ.

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಮೈಸೂರು: ಅಷ್ಟು ಅವಸರ ಬೇಡ ಸ್ವಾಮಿ. ಮೊದಲು ಜೋಡಿಸಮ್ಮ: 8, 9, 9, 10, 10, 11, 11, 12, 12, 13, 24. ನಡುವಿನದು ಆರನೆಯದು, 11. ಅದನ್ನು ಬಿಟ್ಟು ಕೆಳಗಿನ ಐದರ ನಡುವಿನದು 9, ಅದೇ ಮೊದಲ ಕ್ವಾರ್ಟೈಲ್; ಮೇಲಿನ ಐದರದ್ದು 12, ಅದು ಮೂರನೆಯದು. ಹಾಗಾಗಿ ನಿನ್ನ ಐದು ಸಂಖ್ಯೆ 8, 9, 11, 12, 24. ಡಬ್ಬಿ 9ರಿಂದ 12ರವರೆಗೆ, ಒಳಗೆ 11ರಲ್ಲಿ ಗೆರೆ.

ಡಬ್ಬಿಯ ಅಗಲ 3, ಅದರ ಒಂದೂವರೆ ಪಟ್ಟು 4.5. ಎರಡೂ ಕಡೆ ಅಷ್ಟು ದೂರ ಬೇಲಿ ಹಾಕು: ಕೆಳಗೆ 4.5, ಮೇಲೆ 16.5. 24 ಬೇಲಿಯಾಚೆ ಬಿತ್ತು, ಅಂದರೆ ಔಟ್‌ಲೈಯರ್, ಅದಕ್ಕೊಂದು ಚುಕ್ಕಿ. ಮೀಸೆ ಬೇಲಿಯವರೆಗೂ ಹೋಗಲ್ಲ, ಬೇಲಿಯೊಳಗೆ ಸಿಕ್ಕಿದ ಕೊನೆಯ ಅಂಕಿಗೇ ನಿಲ್ಲುತ್ತದೆ. ಇಲ್ಲಿ ಮೇಲೆ 13, ಕೆಳಗೆ 8. 16.5ಕ್ಕೆ ಎಳೆಯೋದು ಪ್ರತಿ ವರ್ಷ ಉತ್ತರಪತ್ರಿಕೆಯಲ್ಲಿ ನೋಡೋ ತಪ್ಪು.

ಇನ್ನು 9.5. ಎರಡೂ ಸರಿ, ಪದ್ಧತಿ ಬೇರೆ. ಎಕ್ಸೆಲ್‌ನ `=QUARTILE` ನಡುವಿನ 11ನ್ನೂ ಲೆಕ್ಕಕ್ಕೆ ಹಿಡಿದು ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ನಿಲ್ಲುತ್ತದೆ, ಅಂದರೆ 9ಕ್ಕೂ 10ಕ್ಕೂ ಮಧ್ಯೆ. `=QUARTILE.EXC` ಕೊಟ್ಟು ನೋಡು, 9 ಬರುತ್ತದೆ. ತಮಾಷೆ ಅಂದ್ರೆ ಅದೇ ಎಕ್ಸೆಲ್‌ನ ಬಾಕ್ಸ್ ಚಾರ್ಟ್ ನೀನೇನೂ ಬದಲಿಸದಿದ್ದರೆ ಈ ಎರಡನೇ ಪದ್ಧತಿಯನ್ನೇ ಹಿಡಿಯುತ್ತದೆ, ಹಾಗಾಗಿ ಸೆಲ್‌ನಲ್ಲಿ 9.5, ಚಿತ್ರದಲ್ಲಿ 9!

ಇದು ಸುಮ್ನೆ ಅರ್ಧ ಲೀಟರ್ ಜಗಳ ಅಲ್ಲ. 24ರ ಬದಲು 16 ಇದ್ದಿದ್ದರೆ ಕ್ವಾರ್ಟೈಲ್‌ಗಳು ಅಲುಗುತ್ತಿರಲಿಲ್ಲ. ಆದರೆ ಕೈಲೆಕ್ಕದ ಬೇಲಿ 16.5, ಆಗ 16 ಒಳಗೆ. 9.5 ಹಿಡಿದರೆ ಬೇಲಿ 15.75, ಆಗ ಹೊರಗೆ. ಪಟ್ಟಿ ಚಿಕ್ಕದಿದ್ದಾಗ ಹೀಗೇ ಆಗೋದು. ಯಾವ ಪದ್ಧತಿ ಅಂತ ಚಿತ್ರದ ಕೆಳಗೆ ಬರೆದುಬಿಡು.

ಪಾಂಡವಪುರದ ರೈತರು: ನಮ್ಮ ಹಸು ಕೂಡ ಒಮ್ಮೆಲೇ ಕಮ್ಮಿ ಮಾಡಿತ್ತು ಸಾರ್, ಮೇವು ಬದಲಾಯಿಸಿದ್ದಕ್ಕೆ. ಏನು ಕೊಡಬೇಕು?

ಮೇಷ್ಟ್ರು: ಅಣ್ಣ, ಅದು ಪಶುವೈದ್ಯರಿಗೆ! ಮಂಡ್ಯದವರೇ, ಬೇಲಿಯಾಚೆ ಇದೆ ಅಂದ್ರೆ ತಪ್ಪು ಅಂತಲ್ಲ, ಹೋಗಿ ನೋಡಿ ಅಂತ. ಒಂದೂವರೆ ಪಟ್ಟು ಅನ್ನೋದು ಅಮೆರಿಕದ ಜಾನ್ ಟ್ಯೂಕಿ ಹಾಕಿಕೊಟ್ಟ ರೂಢಿ ಅಷ್ಟೇ. ಎರಡು ಹೊತ್ತಿನ ಹಾಲು ಒಂದೇ ಸಲ ಬರೆದಿರಬಹುದಲ್ವಾ?

ವಿದ್ಯಾರ್ಥಿನಿ: ಪಾಸ್‌ಬುಕ್ ನೋಡಿದೆ ಸರ್. ಹಿಂದಿನ ಸಂಜೆಯ ಕಾಲಂ ಖಾಲಿ. ಅವತ್ತು ಸಂಜೆ ಹಾಲು ಮನೆಯಲ್ಲೇ ಉಳೀತು ಅಂತಾರೆ ಅಮ್ಮ, ನಾನೇ ಹೋಗಿ ಹಾಕಿ ಬಂದೆ ಅಂತಾರೆ ಅಪ್ಪ. ಸದ್ಯಕ್ಕೆ ಚುಕ್ಕಿ ಇಟ್ಟಿದ್ದೀನಿ.